ಚಿನ್ನ ಮೊದಲೋ, ಒಟ್ಟು ಮೊದಲೋ?

(ಕಾರವಾರದಲ್ಲಿ ದೈಹಿಕ ಶಿಕ್ಷಕರು ಮತ್ತು ಕ್ರೀಡಾಪ್ರಿಯರ ಒಂದು ಸಂಜೆ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಹಾಗೇ ಇಟ್ಟಿದ್ದೇನೆ. ನಡುವೆ ಬಂದ ಪ್ರಶ್ನೆಗಳೂ ಸೇರಿವೆ.)

ಎಲ್ಲರಿಗೂ ನಮಸ್ಕಾರ.

2024ರ ಆಗಸ್ಟ್ 11. ಪ್ಯಾರಿಸ್ ಒಲಿಂಪಿಕ್ಸ್‌ನ ಕೊನೆಯ ದಿನ, ಕೊನೆಯ ಚಿನ್ನ. ಮಹಿಳೆಯರ ಬಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಅಮೆರಿಕ ಮತ್ತು ಫ್ರಾನ್ಸ್. ಅಮೆರಿಕ ಮೂರು ಪಾಯಿಂಟ್ ಮುಂದಿದೆ. ಸಮಯ ಮುಗಿಯುವ ಹೊತ್ತಿಗೆ ಫ್ರಾನ್ಸಿನ ಗ್ಯಾಬಿ ವಿಲಿಯಮ್ಸ್ ದೂರದಿಂದ ಚೆಂಡು ಎಸೆಯುತ್ತಾಳೆ. ಚೆಂಡು ಬುಟ್ಟಿಗೆ ಬೀಳುತ್ತದೆ. ಮೂರು ಪಾಯಿಂಟ್ ಆದರೆ ಆಟ ಸಮ, ಹೆಚ್ಚುವರಿ ಸಮಯ. ಆದರೆ ಎಸೆಯುವಾಗ ಅವಳ ಪಾದದ ತುದಿ ಗೆರೆಯ ಮೇಲಿತ್ತು. ಹಾಗಾಗಿ ಎರಡೇ ಪಾಯಿಂಟ್. 67–66. ಅಮೆರಿಕಕ್ಕೆ ಚಿನ್ನ.

ಅದು ಅಮೆರಿಕದ 40ನೇ ಚಿನ್ನ. ಚೀನಾದ್ದೂ 40. ಚಿನ್ನ ಸಮ ಆದಾಗ ಬೆಳ್ಳಿ ನೋಡುತ್ತಾರೆ. ಅಮೆರಿಕಕ್ಕೆ 44 ಬೆಳ್ಳಿ, ಚೀನಾಕ್ಕೆ 27. ಅಮೆರಿಕ ಮೊದಲು ಅಂತ ಮರುದಿನ ಪೇಪರಿನಲ್ಲಿ ಬಂತು. ಆ ಪಾದ ಗೆರೆಯ ಹಿಂದೆ ಇದ್ದು, ಮುಂದೆ ಫ್ರಾನ್ಸ್ ಗೆದ್ದಿದ್ದರೆ? ಅಮೆರಿಕ 39 ಚಿನ್ನಕ್ಕೆ ನಿಲ್ಲುತ್ತಿತ್ತು. ಚೀನಾ ಮೊದಲು ಅಂತ ಅದೇ ಪೇಪರಿನಲ್ಲಿ ಬರುತ್ತಿತ್ತು. ಒಟ್ಟು ಪದಕ ನೋಡಿದರೆ ಅಮೆರಿಕಕ್ಕೆ 126, ಚೀನಾಕ್ಕೆ 91. ಮೂವತ್ತೈದು ಪದಕ ಜಾಸ್ತಿ ಇದ್ದವರನ್ನು ಒಂದು ಕಾಲ್ಬೆರಳು ಎರಡನೇ ಸ್ಥಾನಕ್ಕೆ ಇಳಿಸಬಹುದಿತ್ತು. ಇದು ಸರಿಯಾದ ಲೆಕ್ಕವೇ? ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಒಂದು ವಿಷಯ. ಈ ಪಟ್ಟಿಯಲ್ಲಿ ಯಾರು ಮೊದಲು ಅಂತ ಹೇಳುವ ಅಧಿಕಾರ ಯಾರಿಗೂ ಇಲ್ಲ. ಒಲಿಂಪಿಕ್ಸ್ ನಡೆಯುವುದು ಆಟಗಾರರ ನಡುವೆ, ದೇಶಗಳ ನಡುವೆ ಅಲ್ಲ ಅಂತ ಒಲಿಂಪಿಕ್ ಚಾರ್ಟರ್‌ನಲ್ಲೇ ಬರೆದಿದೆ. ಒಲಿಂಪಿಕ್ಸ್ ನಡೆಸುವ ಅಂತರರಾಷ್ಟ್ರೀಯ ಸಮಿತಿ ಐಒಸಿ ತಾನೇ ದೇಶಗಳಿಗೆ ರ‍್ಯಾಂಕ್ ಕೊಡಬಾರದು ಅಂತಲೂ ಅದರಲ್ಲಿ ಇದೆ. ಆದರೆ ಐಒಸಿ ಪದಕಪಟ್ಟಿ ಹಾಕುತ್ತದೆ, ಅದನ್ನು ಚಿನ್ನದ ಕ್ರಮದಲ್ಲೇ ಹಾಕುತ್ತದೆ. ನಮ್ಮ ಪೇಪರುಗಳೂ ಹಾಗೇ ಹಾಕುತ್ತವೆ. ಅಮೆರಿಕದ ಪತ್ರಿಕೆ, ಟಿವಿಗಳು ಮೊದಲಿಂದಲೂ ಒಟ್ಟು ಪದಕದ ಕ್ರಮದಲ್ಲಿ ಹಾಕಿಕೊಂಡು ಬಂದಿವೆ. ಮೂರನೆಯದು ಪಾಯಿಂಟ್ ಪದ್ಧತಿ. ಚಿನ್ನಕ್ಕೆ ಇಷ್ಟು, ಬೆಳ್ಳಿಗೆ ಇಷ್ಟು, ಕಂಚಿಗೆ ಇಷ್ಟು ಅಂತ ಕೊಟ್ಟು ಕೂಡಿಸುವುದು.

ಈ ಮೂರನೆಯದು ನಿಮಗೆ ಹೊಸದಲ್ಲ. ಮಾಲಾದೇವಿ ಮೈದಾನದಲ್ಲಿ ಸ್ಕೋರ್ ಶೀಟ್ ಹಿಡಿದು ಕೂತವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಮೊದಲ ಸ್ಥಾನಕ್ಕೆ 5, ಎರಡನೆಯದಕ್ಕೆ 3, ಮೂರನೆಯದಕ್ಕೆ 1. ಸಂಜೆ ಕೂಡಿಸಿ ಸಮಗ್ರ ವೀರಾಗ್ರಣಿ ಯಾರು ಅಂತ ಮೈಕಿನಲ್ಲಿ ಹೇಳುವುದು. ಆಮೇಲೆ ಸೋತ ಶಾಲೆಯವರು ಟೇಬಲ್ ಹತ್ತಿರ ಬಂದು ನಿಲ್ಲುವುದು. (ನಗು.)

ಅವರು ಬಂದು ನಿಲ್ಲುವುದಕ್ಕೆ ಕಾರಣ ಇದೆ. ಎರಡು ಶಾಲೆ ಅಂದುಕೊಳ್ಳಿ, ಹೆಸರು ಬೇಡ. ಒಂದು ಕರಾವಳಿಯದ್ದು, ಇನ್ನೊಂದು ಘಟ್ಟದ ಮೇಲಿನದ್ದು. ಕರಾವಳಿ ಶಾಲೆಗೆ ನಾಲ್ಕು ಮೊದಲ ಸ್ಥಾನ, ಎರಡನೆಯದು ಒಂದೂ ಇಲ್ಲ, ಮೂರನೆಯದು ಒಂದು. ಘಟ್ಟದ ಶಾಲೆಗೆ ಎರಡು ಮೊದಲು, ಮೂರು ಎರಡನೆಯದು, ಎರಡು ಮೂರನೆಯದು.

5-3-1 ಹಾಕಿ ನೋಡಿ. ಕರಾವಳಿ: 20 ಮತ್ತು 1, ಒಟ್ಟು 21. ಘಟ್ಟ: 10, 9, 2, ಅದೂ 21. ಸಮ!

3-2-1 ಹಾಕಿ. ಕರಾವಳಿ 13, ಘಟ್ಟ 14. ಶೀಲ್ಡ್ ಘಟ್ಟ ಹತ್ತಿತು.

10-5-1 ಹಾಕಿ. ಕರಾವಳಿ 41, ಘಟ್ಟ 37. ಶೀಲ್ಡ್ ಘಟ್ಟ ಇಳಿಯಿತು.

ಮಕ್ಕಳು ಓಡಿದ್ದು ಅದೇ ಓಟ, ಹಾರಿದ್ದು ಅದೇ ಹೊಂಡಕ್ಕೆ. ಬದಲಾದದ್ದು ಟೇಬಲ್ ಹತ್ತಿರ ಕೂತವರ ಲೆಕ್ಕ ಮಾತ್ರ. ಹಾಗಾದರೆ ಯಾವ ಅಂಕ ಸರಿ ಅಂತ ಕೇಳಿದರೆ ರಾತ್ರಿಯಿಡೀ ವಾದ ಮಾಡಬಹುದು. ನಾನು ಹೇಳುವುದು ಇಷ್ಟು: ಆ ವಾದಕ್ಕೆ ಇಳಿಯುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಎಷ್ಟೋ ಸಲ ವಾದವೇ ಬೇಕಾಗುವುದಿಲ್ಲ.

ಬೋರ್ಡಿನ ಮೇಲೆ ಮೂರು ಮನೆ ಹಾಕುತ್ತೇನೆ. ಮೊದಲ ಮನೆಯಲ್ಲಿ ಬರೀ ಚಿನ್ನ. ಎರಡನೇ ಮನೆಯಲ್ಲಿ ಚಿನ್ನ ಮತ್ತು ಬೆಳ್ಳಿ ಕೂಡಿಸಿದ್ದು. ಮೂರನೇ ಮನೆಯಲ್ಲಿ ಮೂರೂ ಕೂಡಿಸಿದ್ದು.

ಪ್ಯಾರಿಸ್, ಅಮೆರಿಕ: 40, 84, 126
ಪ್ಯಾರಿಸ್, ಚೀನಾ: 40, 67, 91

ಮೊದಲ ಮನೆ ಸಮ. ಉಳಿದ ಎರಡರಲ್ಲೂ ಅಮೆರಿಕ ಮುಂದೆ. ಯಾವ ಮನೆಯಲ್ಲೂ ಹಿಂದೆ ಇಲ್ಲ. ಹೀಗಿದ್ದಾಗ ನೀವು ಯಾವ ಪದ್ಧತಿ ತಂದರೂ ಅಮೆರಿಕ ಹಿಂದೆ ಬೀಳುವುದಿಲ್ಲ. 3-2-1 ಇರಲಿ, 5-3-1 ಇರಲಿ, ಚಿನ್ನಕ್ಕೆ ಸಾವಿರ ಕೊಡಿ ಬೇಕಾದರೆ. ಷರತ್ತು ಒಂದೇ: ಬೆಳ್ಳಿಗೆ ಚಿನ್ನಕ್ಕಿಂತ ಜಾಸ್ತಿ ಕೊಡಬಾರದು, ಕಂಚಿಗೆ ಬೆಳ್ಳಿಗಿಂತ ಜಾಸ್ತಿ ಕೊಡಬಾರದು. ಅದನ್ನು ಯಾರೂ ಕೊಡುವುದೂ ಇಲ್ಲ.

ಯಾಕೆ ಹೀಗೆ? ಒಂದು ಚಿನ್ನವನ್ನು ತೆಗೆದುಕೊಳ್ಳಿ. ಅದು ಮೊದಲ ಮನೆಯಲ್ಲೂ ಇದೆ, ಎರಡನೆಯದರಲ್ಲೂ ಇದೆ, ಮೂರನೆಯದರಲ್ಲೂ ಇದೆ. ಮೂರು ಸಲ ಎಣಿಸಿದ್ದಾಯಿತು. ಬೆಳ್ಳಿ ಎರಡು ಮನೆಯಲ್ಲಿ ಇದೆ. ಕಂಚು ಕೊನೆಯ ಮನೆಯಲ್ಲಿ ಮಾತ್ರ. ಅಂದರೆ ಮೂರು ಮನೆಯನ್ನು ಸುಮ್ನೆ ಕೂಡಿಸಿದರೆ ಅದೇ 3-2-1 ಲೆಕ್ಕ! ಅಮೆರಿಕಕ್ಕೆ 40, 84, 126 ಕೂಡಿಸಿ: 250. ಈಗ ಪಾಯಿಂಟ್ ಹಾಕಿ ನೋಡಿ: 120, 88, 42. ಅದೂ 250.

5-3-1 ಬೇಕೆಂದರೆ ಮೊದಲ ಮನೆಯನ್ನು ಎರಡು ಸಲ, ಎರಡನೆಯದನ್ನು ಎರಡು ಸಲ, ಮೂರನೆಯದನ್ನು ಒಂದು ಸಲ ಕೂಡಿಸಿ. ಬರೀ ಒಟ್ಟು ಪದಕ ನೋಡುವವರು ಮೂರನೇ ಮನೆ ಒಂದನ್ನೇ ನೋಡುತ್ತಾರೆ. ಚಿನ್ನ ಮೊದಲು ಅನ್ನುವವರು ಮೊದಲ ಮನೆ ನೋಡಿ, ಅದು ಸಮ ಆದರೆ ಮಾತ್ರ ಮುಂದಿನ ಮನೆಗೆ ಹೋಗುತ್ತಾರೆ. ಎಲ್ಲ ಪದ್ಧತಿಗಳೂ ಇದೇ ಮೂರು ಮನೆಯ ಬೇರೆ ಬೇರೆ ಬೆರಕೆ. ಮೂರರಲ್ಲೂ ಮುಂದಿದ್ದವರನ್ನು ಯಾವ ಬೆರಕೆಯೂ ಹಿಂದೆ ಹಾಕಲಾರದು. ಒಂದು ಮನೆಯಲ್ಲಿ ನೀನು ಮುಂದೆ, ಇನ್ನೊಂದರಲ್ಲಿ ನಾನು ಮುಂದೆ ಅಂತಾದಾಗ ಮಾತ್ರ ಪದ್ಧತಿಯ ಆಟ ಶುರು. ನಮ್ಮ ಎರಡು ಶಾಲೆಗಳ ಮನೆ ನೋಡಿ: ಕರಾವಳಿ 4, 4, 5. ಘಟ್ಟ 2, 5, 7. ಮೊದಲ ಮನೆಯಲ್ಲಿ ಇವರು, ಉಳಿದ ಎರಡರಲ್ಲಿ ಅವರು. ಜಗಳ ಆಗಲೇಬೇಕು.

ಆ ಬಾಸ್ಕೆಟ್‌ಬಾಲ್ ಫೈನಲ್ ಸೋತಿದ್ದರೆ ಅಮೆರಿಕದ ಮನೆಗಳು 39, 84, 126 ಆಗುತ್ತಿದ್ದವು. ಚಿನ್ನ ಬೆಳ್ಳಿಯಾಗಿದ್ದಕ್ಕೆ ಮೊದಲ ಮನೆ ಮಾತ್ರ ಒಂದು ಕಡಿಮೆ. 3-2-1ರಲ್ಲಿ ಅಮೆರಿಕ 249, ಚೀನಾ 198, ಯಾರು ಮೊದಲು ಅನ್ನುವುದರಲ್ಲಿ ಏನೂ ವ್ಯತ್ಯಾಸ ಇಲ್ಲ. ಚಿನ್ನ ಮೊದಲು ಅನ್ನುವ ಪದ್ಧತಿಯಲ್ಲಿ ಮಾತ್ರ ಪಟ್ಟಿ ತಲೆಕೆಳಗು. ಆ ಪದ್ಧತಿಯ ದೋಷ ಏನು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಅದರಲ್ಲಿ ಒಂದು ಚಿನ್ನದ ಮುಂದೆ ನಲವತ್ತು ಬೆಳ್ಳಿಗೂ ಬೆಲೆ ಇಲ್ಲ.

ಈಗ ನನಗೆ ತುಂಬಾ ಇಷ್ಟದ ಉದಾಹರಣೆಗೆ ಬರುತ್ತೇನೆ. 2008, ಬೀಜಿಂಗ್. ಕೂಟ ಮುಗಿದ ದಿನದ ಲೆಕ್ಕ: ಚೀನಾಕ್ಕೆ 51 ಚಿನ್ನ, 21 ಬೆಳ್ಳಿ, 28 ಕಂಚು. ಅಮೆರಿಕಕ್ಕೆ 36, 38, 36. ಚೀನಾದವರು ನಾವು ಮೊದಲು ಅಂದರು. ಅಮೆರಿಕದ ಪೇಪರುಗಳು 110 ಮತ್ತು 100 ಅಂತ ಹಾಕಿ ಅಮೆರಿಕವನ್ನು ಮೇಲೆ ಬರೆದವು. ಆಗ ಬಹಳ ಜನ ನಕ್ಕರು, ಸೋತದ್ದಕ್ಕೆ ಲೆಕ್ಕ ಬದಲಾಯಿಸಿದರು ಅಂತ. ಅದು ನ್ಯಾಯವಲ್ಲ, ಅವರು ಮೊದಲೂ ಹಾಗೇ ಬರೆಯುತ್ತಿದ್ದರು. ಇರಲಿ. ಮನೆ ಹಾಕೋಣ.

ಚೀನಾ: 51, 72, 100
ಅಮೆರಿಕ: 36, 74, 110

ಅಡ್ಡಾದಿಡ್ಡಿ ಇದೆ. ಮೊದಲ ಮನೆ ಚೀನಾದ್ದು, ಹದಿನೈದು ಚಿನ್ನದ ಅಂತರ. ಉಳಿದ ಎರಡು ಅಮೆರಿಕದ್ದು. ಎರಡನೇ ಮನೆಯಲ್ಲಿ ಅಂತರ ಬರೀ ಎರಡು. ಅಂದರೆ ಇಲ್ಲಿ ಪದ್ಧತಿ ನೋಡಿಯೇ ಉತ್ತರ. 3-2-1 ಹಾಕಿದರೆ ಚೀನಾ 223, ಅಮೆರಿಕ 220. ಮೂರೇ ಪಾಯಿಂಟ್! 5-3-1 ಹಾಕಿದರೆ 346 ಮತ್ತು 330. ಈ ಪದ್ಧತಿಗಳಲ್ಲಿ ಒಟ್ಟು ಪದಕ ಒಂದನ್ನು ಬಿಟ್ಟರೆ ಉಳಿದ ಕಡೆ ಚೀನಾ ಮುಂದೆ.

ಇಲ್ಲಿ ಇನ್ನೂ ಒಂದು ಪ್ರಶ್ನೆ ಕೇಳಬಹುದು. ಚಿನ್ನಕ್ಕೆ ಎಷ್ಟು ಬೆಲೆ ಕೊಟ್ಟರೆ ಚೀನಾ ಮುಂದೆ ಬರುತ್ತದೆ? ಕಂಚಿಗೆ 1, ಬೆಳ್ಳಿಗೆ 2 ಅಂತ ಇಟ್ಟುಕೊಳ್ಳಿ. ಅಮೆರಿಕಕ್ಕೆ ಹದಿನೇಳು ಬೆಳ್ಳಿ ಜಾಸ್ತಿ, ಅದು 34 ಪಾಯಿಂಟ್. ಎಂಟು ಕಂಚು ಜಾಸ್ತಿ, ಅದು 8. ಒಟ್ಟು 42. ಇದನ್ನು ಚೀನಾ ತನ್ನ ಹದಿನೈದು ಹೆಚ್ಚಿನ ಚಿನ್ನದಿಂದ ತುಂಬಬೇಕು. 42ನ್ನು 15ರಿಂದ ಭಾಗಿಸಿ: 2.8. ಒಂದು ಚಿನ್ನಕ್ಕೆ 2.8ಕ್ಕಿಂತ ಜಾಸ್ತಿ ಕೊಟ್ಟರೆ ಚೀನಾ, ಕಡಿಮೆ ಕೊಟ್ಟರೆ ಅಮೆರಿಕ. ಯಾರು ಮೊದಲು ಅಂತ ಕೂಗಾಡುವುದಕ್ಕಿಂತ ಈ 2.8 ಅನ್ನುವ ಒಂದು ಸಂಖ್ಯೆ ಹೇಳಿದರೆ ವಿಷಯ ಸ್ಪಷ್ಟ. ಒಂದು ಚಿನ್ನ ಎಷ್ಟು ಕಂಚಿಗೆ ಸಮ ಅಂತ ನಿಮಗೆ ಅನಿಸುತ್ತದೆಯೋ ಅದನ್ನು ಇದರ ಪಕ್ಕ ಇಟ್ಟು ನೋಡಿಕೊಳ್ಳಿ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ.

ಒಲಿಂಪಿಕ್ಸ್‌ನಲ್ಲಿ ತೆಗೆದ ಮೂತ್ರ, ರಕ್ತದ ಮಾದರಿಗಳನ್ನು ಎಸೆಯುವುದಿಲ್ಲ. ವರ್ಷಗಟ್ಟಲೆ ತೆಗೆದಿಡುತ್ತಾರೆ. ಹೊಸ ಪರೀಕ್ಷೆಗಳು ಬಂದಂತೆ ಹಳೆಯ ಮಾದರಿಯನ್ನು ಮತ್ತೆ ಪರೀಕ್ಷಿಸುತ್ತಾರೆ. ಬೀಜಿಂಗ್‌ನ ಮಾದರಿಗಳನ್ನು ಹಾಗೆ ಮತ್ತೆ ನೋಡಿದಾಗ 2017ರ ಜನವರಿಯಲ್ಲಿ ಚೀನಾದ ಮೂವರು ಮಹಿಳಾ ವೇಟ್‌ಲಿಫ್ಟರ್‌ಗಳ ಚಿನ್ನ ಹೋಯಿತು. ಚೆನ್ ಶಿಯೆಶಿಯಾ, ಲಿಯು ಚುನ್‌ಹಾಂಗ್, ಕಾವ್ ಲೇ. ಇದರಲ್ಲಿ ಚೆನ್ ಗೆದ್ದದ್ದು ಆ ಕೂಟದಲ್ಲಿ ಚೀನಾದ ಮೊಟ್ಟಮೊದಲ ಚಿನ್ನ.

ಇತ್ತ ಅಮೆರಿಕಕ್ಕೆ ಕೂತಲ್ಲೇ ಪದಕ ಬಂತು. 10,000 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದಿದ್ದ ಟರ್ಕಿಯ ಓಟಗಾರ್ತಿ ಅನರ್ಹಳಾದಳು. ಶಲೇನ್ ಫ್ಲ್ಯಾನಗನ್ ಅವರ ಕಂಚು ಬೆಳ್ಳಿಯಾಯಿತು. ಪೋಲ್ ವಾಲ್ಟ್‌ನಲ್ಲಿ ನಾಲ್ಕನೆಯವರಾಗಿದ್ದ ಡೆರೆಕ್ ಮೈಲ್ಸ್‌ಗೆ ಕಂಚು ಬಂತು. ಎತ್ತರ ಜಿಗಿತದಲ್ಲಿ ಶಾಂಟೆ ಲೋ ಬಂದದ್ದು ಆರನೇ ಸ್ಥಾನಕ್ಕೆ. ಅವರ ಮುಂದಿದ್ದ ಮೂವರು, ಅಂದರೆ ಮೂರು, ನಾಲ್ಕು, ಐದನೆಯವರು, ಮೂವರೂ ಅನರ್ಹ. ಆರನೆಯವರಿಗೆ ಕಂಚು! ಮೈದಾನದಿಂದ ಬರಿಗೈಯಲ್ಲಿ ಹೋದವರು ವರ್ಷಗಳ ನಂತರ ಪದಕ ವಿಜೇತರು.

ಈಗಿನ ಲೆಕ್ಕ: ಚೀನಾ 48, 22, 30. ಅಮೆರಿಕ 36, 39, 37. ಮನೆ ಹಾಕಿ.

ಚೀನಾ: 48, 70, 100
ಅಮೆರಿಕ: 36, 75, 112

ಚೀನಾದ ಒಟ್ಟು ನೂರು ಹಾಗೇ ಇದೆ ನೋಡಿ. ಮೂರು ಚಿನ್ನ ಹೋಯಿತು, ಬೇರೆಯವರು ಅನರ್ಹರಾದ ಕಡೆ ಬೆಳ್ಳಿ ಒಂದು, ಕಂಚು ಎರಡು ಹೆಚ್ಚಾಯಿತು. ಒಟ್ಟು ಮಾತ್ರ ನೋಡುವವನಿಗೆ ಚೀನಾಕ್ಕೆ ಏನೂ ಆಗೇ ಇಲ್ಲ ಅಂತ ಕಾಣುತ್ತದೆ. ಒಟ್ಟು ಪದಕದ ಪದ್ಧತಿಯ ದೊಡ್ಡ ಕುರುಡು ಇದು. ಮೂರು ಚಿನ್ನ ಕಳೆದುಕೊಂಡದ್ದೂ ಅದಕ್ಕೆ ಗೊತ್ತಾಗಲಿಲ್ಲ.

3-2-1 ಹಾಕಿ. ಚೀನಾ 218. ಅಮೆರಿಕ 223. ತಿರುಗಿಬಿತ್ತು! ಕೂಟ ಮುಗಿದ ದಿನ ಮೂರು ಪಾಯಿಂಟಿನಿಂದ ಮುಂದಿದ್ದ ಚೀನಾ ಈಗ ಐದು ಪಾಯಿಂಟ್ ಹಿಂದೆ.

5-3-1 ಹಾಕಿ. ಚೀನಾ 336, ಅಮೆರಿಕ 334. ಇಲ್ಲಿ ಚೀನಾ ಇನ್ನೂ ಉಳಿದುಕೊಂಡಿದೆ, ಎರಡೇ ಪಾಯಿಂಟಿನಿಂದ.

ಆಗಿನ 2.8 ಈಗ ಎಷ್ಟಾಗಿದೆ? ಹದಿನೇಳು ಬೆಳ್ಳಿಗೆ 34, ಏಳು ಕಂಚಿಗೆ 7, ಒಟ್ಟು 41. ಹೆಚ್ಚಿನ ಚಿನ್ನ ಈಗ ಹನ್ನೆರಡೇ. ಭಾಗಿಸಿದರೆ ಸುಮಾರು 3.4. ಅದಕ್ಕೇ 3 ಸಾಲಲಿಲ್ಲ.

ಆದ್ದರಿಂದ ಪಾಯಿಂಟ್ ಪದ್ಧತಿ ಎಲ್ಲಕ್ಕಿಂತ ನ್ಯಾಯವಾದದ್ದು ಅಂತ ಯಾರಾದರೂ ಅಂದರೆ ನಾನು ಪೂರ್ತಿ ಒಪ್ಪುವುದಿಲ್ಲ. ಅದು ಬೆಳ್ಳಿ, ಕಂಚನ್ನು ಮರೆಯುವುದಿಲ್ಲ, ಚಿನ್ನವನ್ನೂ ಮರೆಯುವುದಿಲ್ಲ, ಅದು ನಿಜ. ಆದರೆ 3-2-1 ಅಂದವರೂ 5-3-1 ಅಂದವರೂ ಆ ಸಂಖ್ಯೆಯನ್ನು ತಂದದ್ದು ತಮ್ಮ ತಲೆಯಿಂದಲೇ. ಒಂದೇ ಕೂಟಕ್ಕೆ ಇಬ್ಬರದ್ದೂ ಬೇರೆ ಬೇರೆ ಉತ್ತರ. ಶಾಲೆಯ ಕೂಟದಲ್ಲಿ ಇದು ನಡೆಯುತ್ತದೆ, ಯಾಕೆಂದರೆ ನಿಯಮವನ್ನು ಬೆಳಿಗ್ಗೆಯೇ ಹೇಳಿರುತ್ತಾರೆ. ಓಟ ಶುರುವಾಗುವ ಮೊದಲೇ ಎಲ್ಲರೂ ಒಪ್ಪಿದ್ದು. ಒಲಿಂಪಿಕ್ಸ್‌ನಲ್ಲಿ ಹಾಗೆ ಯಾರೂ ಒಪ್ಪಿಲ್ಲ. ಕೂಟ ಮುಗಿದ ಮೇಲೆ ಸಂಖ್ಯೆ ಆರಿಸಿದರೆ, ಬೇಕಾದ ಉತ್ತರಕ್ಕೆ ತಕ್ಕ ಸಂಖ್ಯೆ ಸಿಕ್ಕೇ ಸಿಗುತ್ತದೆ.

ಇಲ್ಲಿ ಅಂಕೋಲಾದಿಂದ ಬಂದ ಮೇಷ್ಟ್ರೊಬ್ಬರು ಕೈ ಎತ್ತಿದರು. "ಸರ್, ಅದೆಲ್ಲ ದೊಡ್ಡವರದ್ದು. ಪ್ಯಾರಿಸ್‌ನಲ್ಲಿ ನಮಗೆ ಆರು ಪದಕ, ಪಾಕಿಸ್ತಾನಕ್ಕೆ ಒಂದು. ಆದರೂ ಪಟ್ಟಿಯಲ್ಲಿ ಅವರು 62ನೇ ಸ್ಥಾನ, ನಾವು 71. ಇದಕ್ಕೆ ಏನು ಹೇಳುತ್ತೀರಿ?"

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಆ ಒಂದು ಪದಕ ಅರ್ಷದ್ ನದೀಮ್ ಅವರ ಜಾವೆಲಿನ್ ಚಿನ್ನ, 92.97 ಮೀಟರ್. ಅದೇ ಸ್ಪರ್ಧೆಯಲ್ಲಿ ನೀರಜ್ ಚೋಪ್ರಾ 89.45 ಎಸೆದು ಬೆಳ್ಳಿ ಗೆದ್ದರು. ನಮ್ಮದು ಆ ಒಂದು ಬೆಳ್ಳಿ, ಐದು ಕಂಚು. ಮನೆ ಹಾಕೋಣ. ಪಾಕಿಸ್ತಾನ 1, 1, 1. ಭಾರತ 0, 1, 6. ಮೊದಲ ಮನೆ ಅವರದ್ದು, ಎರಡನೆಯದು ಸಮ, ಮೂರನೆಯದು ನಮ್ಮದು. 3-2-1ರಲ್ಲಿ ಅವರಿಗೆ 3, ನಮಗೆ 7. 5-3-1ರಲ್ಲಿ ಅವರಿಗೆ 5, ನಮಗೆ 8. 10-5-1ರಲ್ಲಿ ಹತ್ತಕ್ಕೆ ಹತ್ತು, ಸಮ. ಚಿನ್ನಕ್ಕೆ ತೀರಾ ಜಾಸ್ತಿ ಬೆಲೆ ಕಟ್ಟಿದರೆ ಮಾತ್ರ ಅವರು ಮುಂದೆ ಬರುತ್ತಾರೆ. ಚಿನ್ನ ಮೊದಲು ಅನ್ನುವ ಪಟ್ಟಿ ಮಾಡುವುದೇ ಅದನ್ನು.

ಆದರೆ ನಾವು ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಟೋಕಿಯೊದಲ್ಲಿ ನಮಗೆ ಒಂದು ಚಿನ್ನ, ಎರಡು ಬೆಳ್ಳಿ, ನಾಲ್ಕು ಕಂಚು. ಮನೆ 1, 3, 7. ಪ್ಯಾರಿಸ್ 0, 1, 6. ಮೂರೂ ಮನೆಯಲ್ಲಿ ಇಳಿದಿದ್ದೇವೆ. ಯಾವ ಪಾಯಿಂಟ್ ತಂದರೂ ಪ್ಯಾರಿಸ್ ಮೇಲಾಗುವುದಿಲ್ಲ. ಇಳಿದದ್ದು ಖರೆ. 48ರಿಂದ 71ಕ್ಕೆ ಬಿದ್ದೆವು ಅಂತ ಹೇಳಿದರೆ ಮಾತ್ರ ಅದು ಜಾಸ್ತಿಯಾಯಿತು. ಪಟ್ಟಿಯ ಆ ಭಾಗದಲ್ಲಿ ಒಂದೊಂದೇ ಚಿನ್ನ ಗೆದ್ದ ದೇಶಗಳ ದೊಡ್ಡ ಗುಂಪೇ ಇರುತ್ತದೆ. ಒಂದು ಚಿನ್ನ ತಪ್ಪಿದರೆ ಆ ಇಡೀ ಗುಂಪು ಒಮ್ಮೆಲೇ ನಿಮ್ಮನ್ನು ದಾಟಿ ಹೋಗುತ್ತದೆ. ಮೇಲಿನ ಹತ್ತರಲ್ಲಿ ಇದ್ದವರಿಗೆ ಒಂದು ಚಿನ್ನ ತಪ್ಪಿದರೆ ಒಂದೆರಡು ಸ್ಥಾನ ಹೋದೀತು ಅಷ್ಟೇ.

ಹಿಂದಿನ ಸಾಲಿನಿಂದ ಒಬ್ಬ ಕಾಲೇಜು ಹುಡುಗಿ ಕೇಳಿದಳು. "ಹಾಗಾದರೆ ಸರ್, ನಮ್ಮಂಥವರಿಗೆ ಒಟ್ಟು ಪದಕದ ಪಟ್ಟಿಯೇ ಒಳ್ಳೇದು ಅಲ್ವಾ?"

ನೋಡಲು ಒಳ್ಳೇದೇ. ಆದರೆ ಅದರಲ್ಲಿ ಇನ್ನೊಂದು ತೊಡಕಿದೆ. ಎಲ್ಲ ಆಟದಲ್ಲೂ ಕಂಚು ಒಂದೇ ಅಲ್ಲ. ಕುಸ್ತಿ, ಬಾಕ್ಸಿಂಗ್, ಜೂಡೋ, ಟೇಕ್ವಾಂಡೊ, ಈ ನಾಲ್ಕರಲ್ಲಿ ಪ್ರತಿ ತೂಕಕ್ಕೂ ಎರಡೆರಡು ಕಂಚು. ಬಾಕ್ಸಿಂಗ್‌ನಲ್ಲಿ ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು, ಅವರು ಇನ್ನೊಮ್ಮೆ ಆಡಬೇಕಾಗಿಯೇ ಇಲ್ಲ. ಓಟದಲ್ಲಿ, ಜಾವೆಲಿನ್‌ನಲ್ಲಿ ನಾಲ್ಕನೆಯವನಿಗೆ ಏನೂ ಇಲ್ಲ. ಹಾಗಾಗಿ ಒಟ್ಟು ಎಣಿಸುವಾಗ ಈ ಆಟಗಳಲ್ಲಿ ಗಟ್ಟಿ ಇರುವ ದೇಶಗಳಿಗೆ ಸ್ವಲ್ಪ ಲಾಭ. ಪ್ಯಾರಿಸ್‌ನಲ್ಲಿ ಅಮನ್ ಸೆಹ್ರಾವತ್ ಕುಸ್ತಿಯಲ್ಲಿ ಗೆದ್ದ ಕಂಚು ಕೂಡ 57 ಕೆಜಿಯ ಎರಡು ಕಂಚುಗಳಲ್ಲಿ ಒಂದು. ಅವರು ಅದನ್ನು ಸೆಣಸಿ ಗೆದ್ದದ್ದೇ, ಅದರಲ್ಲಿ ಎರಡು ಮಾತಿಲ್ಲ. ಪಟ್ಟಿ ಮಾಡುವವರು ಇದನ್ನು ತಿಳಿದಿರಬೇಕು ಅಷ್ಟೇ.

ಇದೇ ಒಟ್ಟು ಪದಕ 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲೂ ಎಡವಿತು. ಜಪಾನ್‌ಗೆ 52 ಚಿನ್ನ, 67 ಬೆಳ್ಳಿ, 69 ಕಂಚು. ದಕ್ಷಿಣ ಕೊರಿಯಾಕ್ಕೆ 42, 59, 89. ಒಟ್ಟು ನೋಡಿದರೆ ಕೊರಿಯಾ 190, ಜಪಾನ್ 188. ಎರಡು ಪದಕದಿಂದ ಕೊರಿಯಾ ಮುಂದೆ. ಮನೆ ನೋಡಿದರೆ ಜಪಾನ್ 52, 119, 188, ಕೊರಿಯಾ 42, 101, 190. 3-2-1ರಲ್ಲಿ ಜಪಾನ್ ಇಪ್ಪತ್ತಾರು ಪಾಯಿಂಟ್ ಮೇಲೆ. ಬರೀ ಕಂಚಿನ ರಾಶಿಯಿಂದ ಕೊರಿಯಾ ಒಂದು ಮನೆಯಲ್ಲಿ ಮುಂದೆ ಬಂತು.

ಅದೇ ಕೂಟದಲ್ಲಿ ನಮ್ಮದು ನಾಲ್ಕನೇ ಸ್ಥಾನ. 28, 38, 41. ಮನೆ 28, 66, 107. ಮೇಲಿನ ಕೊರಿಯಾ ಮೂರೂ ಮನೆಯಲ್ಲಿ ನಮಗಿಂತ ಮುಂದೆ. ಕೆಳಗಿನ ಉಜ್ಬೇಕಿಸ್ತಾನ 22, 40, 71, ಮೂರೂ ಮನೆಯಲ್ಲಿ ನಮಗಿಂತ ಹಿಂದೆ. ಅಲ್ಲಿ ಚಿನ್ನ ಮೊದಲು ಅನ್ನಿ, ಒಟ್ಟು ಅನ್ನಿ, ನಿಮ್ಮ ಶಾಲೆಯ 5-3-1 ಅನ್ನಿ, ಭಾರತ ನಾಲ್ಕನೆಯದೇ.